ಇನ್‌ಬಾಕ್ಸ್ ಖಾಲಿ ಇರ್ಬೇಕಾ, ಹುಡುಕಿದ್ರೆ ಸಿಕ್ಕಿದ್ರೆ ಸಾಕಾ?

ನಿಮ್ಮ ಫೋನಿನಲ್ಲಿ ಮೇಲ್ ಆ್ಯಪ್‌ನ ಮೂಲೆಯಲ್ಲಿ ಕೂತಿರುವ ಕೆಂಪು ಚುಕ್ಕಿಯನ್ನೊಮ್ಮೆ ನೋಡಿ. ಅದರೊಳಗಿನ ಸಂಖ್ಯೆ ಎಷ್ಟು? ಕೆಲವರಿಗೆ ಚುಕ್ಕಿಯೇ ಇರುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಡುಗೆಮನೆ ಕಟ್ಟೆ ಒರೆಸಿದ ಹಾಗೆ ಇನ್‌ಬಾಕ್ಸನ್ನೂ ಒರೆಸಿಟ್ಟು ಮಲಗುವವರು ಅವರು. ಇನ್ನು ಕೆಲವರ ಚುಕ್ಕಿಯಲ್ಲಿ ಐದಂಕಿಯ ಸಂಖ್ಯೆ. ಕೇಳಿದರೆ, ‘ಬೇಕಾದಾಗ ಸರ್ಚ್ ಮಾಡಿದ್ರೆ ಸಿಗುತ್ತಲ್ಲ, ಯಾಕೆ ತಲೆ ಕೆಡಿಸ್ಕೋಬೇಕು?’ ಅಂತಾರೆ.

ನಮ್ಮ ಟೀಮಿನಲ್ಲಿ ಈ ಎರಡೂ ಪಕ್ಷದವರಿದ್ದಾರೆ. ಊಟದ ಹೊತ್ತಿಗೆ ಶುರುವಾಗುವ ವಾದ ಕಾಫಿ ಹೊತ್ತಿಗೂ ಮುಗಿಯುವುದಿಲ್ಲ. ಆದರೆ ಎರಡೂ ಪಕ್ಷದವರು ಒಂದೊಂದು ಸಲ ಸರಿಯಾಗಿ ಪೆಟ್ಟು ತಿಂದದ್ದನ್ನು ನೋಡಿದ ಮೇಲೆ, ಜಗಳ ಇರುವುದು ಬೇರೆಯೇ ಕಡೆ ಅಂತ ನನಗನ್ನಿಸಿದೆ.

ಆ ಝೀರೋ ಯಾವ ಝೀರೋ?

‘ಇನ್‌ಬಾಕ್ಸ್ ಝೀರೋ’ ಎಂಬ ಹೆಸರನ್ನು ಜನಪ್ರಿಯ ಮಾಡಿದವರು ಮರ್ಲಿನ್ ಮನ್ ಎಂಬ ಅಮೆರಿಕದ ಬರಹಗಾರ. 2007ರ ಜುಲೈನಲ್ಲಿ ಅವರು ಗೂಗಲ್ ಕಚೇರಿಯಲ್ಲಿ ಇದೇ ಹೆಸರಿನ ಭಾಷಣ ಕೊಟ್ಟರು. ಮೇಲ್ ತೆರೆದ ಮೇಲೆ ಅದಕ್ಕೆ ಮಾಡಬಹುದಾದ ಕೆಲಸ ಐದೇ ಅನ್ನುವುದು ಅವರ ವಾದ. ಅಳಿಸು, ಬೇರೆಯವರಿಗೆ ಒಪ್ಪಿಸು, ಉತ್ತರ ಬರೆ, ಮುಂದಕ್ಕೆ ಹಾಕು, ಇಲ್ಲವೇ ಈಗಲೇ ಮಾಡಿ ಮುಗಿಸು. ಈ ಐದರಲ್ಲಿ ಒಂದನ್ನು ಆರಿಸಿದ ಮೇಲೆ ಆ ಮೇಲ್‌ಗೆ ಇನ್‌ಬಾಕ್ಸಿನಲ್ಲಿ ಕೆಲಸವಿಲ್ಲ.

ಜನ ಇದನ್ನು ಅರ್ಥ ಮಾಡಿಕೊಂಡದ್ದು ಮಾತ್ರ ಬೇರೆ ರೀತಿ. ಝೀರೋ ಅಂದರೆ ಮೇಲ್‌ಗಳ ಸಂಖ್ಯೆ ಸೊನ್ನೆ ಆಗಬೇಕು ಅಂದುಕೊಂಡರು. ಮನ್ ಹೇಳಿದ ಝೀರೋ ಅದಲ್ಲ. ನಿಮ್ಮ ಗಮನದಲ್ಲಿ ಎಷ್ಟು ಪಾಲು ಇನ್‌ಬಾಕ್ಸಿನಲ್ಲೇ ಸಿಕ್ಕಿಕೊಂಡಿದೆ, ಅದು ಸೊನ್ನೆಗೆ ಹತ್ತಿರ ಬರಬೇಕು ಅನ್ನುವುದು ಅವರ ಮಾತು. ದಿನಕ್ಕೆ ಮೂವತ್ತು ಸಲ ಆ್ಯಪ್ ತೆರೆದು ಸಂಖ್ಯೆಯನ್ನು ಸೊನ್ನೆಗೆ ತರುವವರು ಈ ಲೆಕ್ಕದಲ್ಲಿ ಗೆದ್ದವರಲ್ಲ.

ಇದರ ಜೊತೆಗೆ ಇನ್ನೊಂದು ಅಭ್ಯಾಸವೂ ಸೇರಿಕೊಂಡಿತು: ಫೋಲ್ಡರ್. ಬ್ಯಾಂಕಿಗೊಂದು, ಆಫೀಸಿಗೊಂದು, ಪ್ರಯಾಣಕ್ಕೊಂದು, ಅದರೊಳಗೆ ವರ್ಷಕ್ಕೊಂದು. ಇನ್‌ಬಾಕ್ಸ್ ಖಾಲಿ ಮಾಡಬೇಕಾದರೆ ಮೇಲ್ ಎಲ್ಲಿಗಾದರೂ ಹೋಗಲೇಬೇಕಲ್ಲ!

ಹುಡುಕುವವರ ಪಕ್ಷ ಹುಟ್ಟಿದ್ದು ಹೇಗೆ?

2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ ಒಂದು ಜಿಬಿ ಜಾಗ ಕೊಡ್ತೀವಿ ಅಂದರು. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ, ಯಾಹೂ 4 ಎಂಬಿ. ಏಪ್ರಿಲ್ ಒಂದನೇ ತಾರೀಖು ಬೇರೆ, ಹಾಗಾಗಿ ತುಂಬ ಜನ ಇದೊಂದು ತಮಾಷೆ ಅಂದುಕೊಂಡರು. ಜಾಗ ಅಷ್ಟು ಸಿಕ್ಕಾಗ ಅಳಿಸುವ ಅಗತ್ಯವೇ ಹೋಯಿತು. ಅದರ ಜೊತೆ ‘ಆರ್ಕೈವ್’ ಗುಂಡಿ ಬಂತು.

ಈ ಗುಂಡಿ ನಿಜವಾಗಿ ಏನು ಮಾಡುತ್ತದೆ ಅಂತ ತಿಳಿದಿದ್ದರೆ ಅರ್ಧ ಗೊಂದಲ ಮುಗಿದ ಹಾಗೆ. ಜಿಮೇಲ್‌ನಲ್ಲಿ ಇನ್‌ಬಾಕ್ಸ್ ಅನ್ನುವುದು ಪೆಟ್ಟಿಗೆಯಲ್ಲ, ಮೇಲ್ ಮೇಲೆ ಅಂಟಿಸಿದ ಒಂದು ಚೀಟಿ. ಆರ್ಕೈವ್ ಒತ್ತಿದರೆ ಆ ಚೀಟಿ ಕಿತ್ತುಹೋಗುತ್ತದೆ, ಅಷ್ಟೇ. ಮೇಲ್ ಎಲ್ಲಿತ್ತೋ ಅಲ್ಲೇ ಇರುತ್ತದೆ. All Mail ತೆರೆದರೆ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಯಾರಾದರೂ ಅದಕ್ಕೆ ಉತ್ತರ ಕಳಿಸಿದರೆ ಆ ಇಡೀ ಮಾತುಕತೆ ತಾನಾಗಿಯೇ ಇನ್‌ಬಾಕ್ಸಿಗೆ ವಾಪಸ್ ಬರುತ್ತದೆ. ಡಿಲೀಟ್ ಹಾಗಲ್ಲ. ಕಸದ ಬುಟ್ಟಿಗೆ ಹೋದ ಮೇಲ್ 30 ದಿನಕ್ಕೆ ಶಾಶ್ವತವಾಗಿ ಹೋಗುತ್ತದೆ. ಆ 30 ದಿನವೂ ಸಾಮಾನ್ಯ ಹುಡುಕಾಟಕ್ಕೆ ಅದು ಕಾಣುವುದಿಲ್ಲ, `in:anywhere` ಅಂತ ಸೇರಿಸಬೇಕು.

ನಮ್ಮ ಟೀಮಿನ ಝೀರೋ ಪಕ್ಷದವರೊಬ್ಬರಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಓದಿದ ಮೇಲ್ ಎಲ್ಲವನ್ನೂ ಅಳಿಸುವುದು ಅವರ ಪದ್ಧತಿ. ಹೊಸ ಕೆಲಸಕ್ಕೆ ಸೇರುವಾಗ ಹಿನ್ನೆಲೆ ಪರಿಶೀಲನೆಯವರು ಆರು ವರ್ಷ ಹಿಂದಿನ ಮೊದಲ ಕಂಪನಿಯ ರಿಲೀವಿಂಗ್ ಲೆಟರ್ ಕೇಳಿದರು. ಆ ಪುಟ್ಟ ಕಂಪನಿ ಮುಚ್ಚಿಹೋಗಿತ್ತು, ಮೇಲ್ ಕೂಡ ಇರಲಿಲ್ಲ. ಹಳೆಯ ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಖಾತೆಯ ವಿವರ ಎಲ್ಲ ಹೊಂದಿಸಿ ಕೊಡುವಷ್ಟರಲ್ಲಿ ಮೂರು ವಾರ ಕಳೆಯಿತು. ಸೇರುವ ದಿನಾಂಕವೇ ಮುಂದಕ್ಕೆ ಹೋಯಿತು.

ಫೋಲ್ಡರ್ ಮಾಡಿದ್ದರೆ?

ಅಳಿಸದೆ ಅಚ್ಚುಕಟ್ಟಾಗಿ ಫೋಲ್ಡರಿಗೆ ಹಾಕಿದ್ದರೆ ಆಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ಇದನ್ನು ನಿಜವಾಗಿಯೂ ಅಳೆದು ನೋಡಿದ್ದಾರೆ. ಸ್ಟೀವ್ ವಿಟ್ಟೇಕರ್ ಮತ್ತು ಐಬಿಎಂನ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 345 ಮಂದಿ ಹಳೆಯ ಮೇಲ್ ಹುಡುಕಿಕೊಂಡ 85,000ಕ್ಕೂ ಹೆಚ್ಚು ಸಂದರ್ಭಗಳನ್ನು ಅದರಲ್ಲಿ ನೋಡಿದ್ದರು. ಹುಡುಕು ಪೆಟ್ಟಿಗೆಯಲ್ಲಿ ಪದ ಹಾಕಿ ಹುಡುಕಿದವರಿಗೆ ಸರಾಸರಿ 17 ಸೆಕೆಂಡ್ ಹಿಡಿಯಿತು. ಫೋಲ್ಡರಿನೊಳಗೆ ಹೋಗಿ ಹುಡುಕಿದವರಿಗೆ 58 ಸೆಕೆಂಡ್. ಇಷ್ಟಾಗಿಯೂ ಫೋಲ್ಡರಿನವರಿಗೆ ಮೇಲ್ ಸಿಕ್ಕ ಪ್ರಮಾಣವೇನೂ ಹೆಚ್ಚಿರಲಿಲ್ಲ.

ಇದರ ಮೇಲೆ ಫೋಲ್ಡರಿಗೆ ಹಾಕುವುದಕ್ಕೆ ತಗಲುವ ಸಮಯವನ್ನೂ ಸೇರಿಸಿ. ಸುಮ್ಮನೆ ಒಂದು ಲೆಕ್ಕ: ದಿನಕ್ಕೆ 40 ಮೇಲ್, ಪ್ರತಿಯೊಂದಕ್ಕೂ ‘ಇದು ಎಲ್ಲಿಗೆ ಸೇರ್ಬೇಕು’ ಅಂತ ಯೋಚಿಸಿ ಹಾಕಲು 5 ಸೆಕೆಂಡ್ ಅಂದುಕೊಳ್ಳೋಣ. ದಿನಕ್ಕೆ 200 ಸೆಕೆಂಡ್ ಆಯಿತು. ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ ಸುಮಾರು 14 ಗಂಟೆ. ಆ 40ರಲ್ಲಿ ಮುಂದೆಂದಾದರೂ ತಿರುಗಿ ನೋಡುವುದು ಒಂದೋ ಎರಡೋ. ಉಳಿದವುಗಳಿಗೆ ಕೊಟ್ಟ ಸಮಯ ವಾಪಸ್ ಬರುವುದಿಲ್ಲ.

ಫೋಲ್ಡರ್ ಸೋಲುವುದಕ್ಕೆ ಕಾರಣವೂ ಸರಳ. ಗೋವಾ ಟ್ರಿಪ್ಪಿನ ಹೋಟೆಲ್ ಬಿಲ್ ‘ಪ್ರಯಾಣ’ಕ್ಕೆ ಸೇರುತ್ತದಾ, ‘ಬಿಲ್‌’ಗೆ ಸೇರುತ್ತದಾ? ಹಾಕುವ ದಿನ ನಿಮ್ಮ ತಲೆಯಲ್ಲಿದ್ದ ಉತ್ತರ ಒಂದು, ಹುಡುಕುವ ದಿನ ಇರುವ ಉತ್ತರ ಇನ್ನೊಂದು. ಹುಡುಕು ಪೆಟ್ಟಿಗೆಗೆ ಈ ತೊಂದರೆಯಿಲ್ಲ. ಪಠ್ಯಪುಸ್ತಕದ ಕೊನೆಯಲ್ಲಿ ‘ಈ ಪದ ಈ ಪುಟಗಳಲ್ಲಿದೆ’ ಅಂತ ಪಟ್ಟಿ ಇರುತ್ತದಲ್ಲ, ಮೇಲ್ ಬಂದ ಕೂಡಲೇ ಅದರ ಪ್ರತಿ ಪದಕ್ಕೂ ಅಂಥದ್ದೇ ಪಟ್ಟಿ ತಯಾರಾಗುತ್ತದೆ. ಹೋಟೆಲ್ ಹೆಸರು ಹಾಕಿದರೂ ಅದೇ ಬಿಲ್, ಊರಿನ ಹೆಸರು ಹಾಕಿದರೂ ಅದೇ ಬಿಲ್.

ತೆರಿಗೆ ಕಾಲದ ಪರೀಕ್ಷೆ

ಹಾಗಾದರೆ ಹುಡುಕುವವರೇ ಗೆದ್ದರು ಅನ್ನಬಹುದಾ? ಒಂದು ನಿಜವಾದ ಕೆಲಸ ಕೊಟ್ಟು ನೋಡೋಣ. 2024-25ನೇ ಆರ್ಥಿಕ ವರ್ಷದ ಆದಾಯ ತೆರಿಗೆ ರಿಟರ್ನ್‌ಗೆ ಕಾಗದಪತ್ರ ಹೊಂದಿಸಬೇಕು. ಒಂದು ಫೋಲ್ಡರೂ ಇಲ್ಲ, ಎಲ್ಲ ಮೇಲ್ ಒಂದೇ ರಾಶಿಯಲ್ಲಿದೆ ಅಂದುಕೊಳ್ಳಿ.

ಮೊದಲು ಫಾರಂ 16. ಆ ಆರ್ಥಿಕ ವರ್ಷ 2025ರ ಮಾರ್ಚ್ 31ಕ್ಕೆ ಮುಗಿಯಿತು ಅಂತ ಅಷ್ಟರೊಳಗೇ ಹುಡುಕಿದರೆ ಸಿಕ್ಕುವುದು ಹಿಂದಿನ ವರ್ಷದ ಫಾರಂ! ಯಾಕೆಂದರೆ ಕಂಪನಿಗಳು ಇದನ್ನು ಕೊಡುವುದು ವರ್ಷ ಮುಗಿದ ಮೇಲೆ, ಜೂನ್ 15ರೊಳಗೆ. ಹಾಗಾಗಿ ದಿನಾಂಕವನ್ನು ಮುಂದಕ್ಕೆ ತಳ್ಳಬೇಕು. ಕೆಲವರು Form 16 ಅಂತ ಬಿಡಿಸಿ ಬರೆಯುತ್ತಾರೆ, ಕೆಲವರು ಸೇರಿಸಿ. ಜಿಮೇಲ್ ಇಡೀ ಪದ ನೋಡುತ್ತದೆಯೇ ಹೊರತು ಪದದೊಳಗಿನ ತುಂಡನ್ನಲ್ಲ, ಆದ್ದರಿಂದ ಎರಡನ್ನೂ ಕೊಡಿ:

```
("form 16" OR form16) after:2025/04/30 before:2025/08/01
```

ಎರಡನೆಯದು, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿಮೆ ಕಂತಿನ ರಸೀದಿ. ಇದು ವರ್ಷದೊಳಗೇ ಬಂದಿರುತ್ತದೆ. ಮೇಲ್‌ನಲ್ಲಿ ರಸೀದಿ ಅಂತಿರಬಹುದು, ಸರ್ಟಿಫಿಕೇಟ್ ಅಂತಲೂ ಇರಬಹುದು:

```
premium (receipt OR certificate) has:attachment after:2024/03/31 before:2025/04/02
```

ಮೂರನೆಯದು ಗೃಹಸಾಲದ ಬಡ್ಡಿ ಪತ್ರ. ಇಲ್ಲೊಂದು ಗುಂಡಿ ಇದೆ. ವರ್ಷದ ನಡುವೆ ಬರುವುದು ಅಂದಾಜಿನ ಪತ್ರ, ಅದರ ಮೇಲೆ `provisional` ಅಂತಿರುತ್ತದೆ. ವರ್ಷ ಮುಗಿದ ಮೇಲೆ ಬರುವುದು ಅಂತಿಮ ಪತ್ರ. ರಿಟರ್ನ್‌ಗೆ ಬೇಕಾದದ್ದು ಎರಡನೆಯದು. ಪದದ ಮುಂದೆ ಮೈನಸ್ ಹಾಕಿದರೆ ಆ ಪದವಿರುವ ಮೇಲ್‌ಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ:

```
"interest certificate" -provisional after:2025/03/31
```

ಇಷ್ಟರವರೆಗೆ ಐದು ನಿಮಿಷದ ಕೆಲಸ. ನಾಲ್ಕನೆಯದಕ್ಕೆ ಬಂದಾಗ ಹುಡುಕಾಟ ಮುಗ್ಗರಿಸುತ್ತದೆ: ಮನೆ ಬಾಡಿಗೆ ರಸೀದಿ. ಮನೆ ಮಾಲೀಕರು ಅದನ್ನು ಕೈಯಲ್ಲಿ ಬರೆದು, ಫೋನಿನಲ್ಲಿ ಫೋಟೋ ಹೊಡೆದು ಕಳಿಸಿದ್ದಾರೆ. ವಿಷಯದ ಸಾಲು ಖಾಲಿ, ಒಳಗೆ `PFA` ಅಂತ ಮೂರಕ್ಷರ. ‘ಬಾಡಿಗೆ’ ಎಂಬ ಪದವೇ ಆ ಮೇಲ್‌ನಲ್ಲಿಲ್ಲ. ಹುಡುಕಾಟ ಅರ್ಥವನ್ನು ಹುಡುಕುವುದಿಲ್ಲ, ಬರೆದ ಪದವನ್ನು ಹುಡುಕುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನದೂ ಇದೇ ಕಥೆ. ಪಾಸ್‌ವರ್ಡ್ ಹಾಕಿದ ಪಿಡಿಎಫ್ ಒಳಗೆ ಏನಿದೆ ಅಂತ ಹುಡುಕಾಟಕ್ಕೆ ಗೊತ್ತಾಗುವುದಿಲ್ಲ, ಮೇಲ್‌ನ ಹೊರಗೆ ಬರೆದಿರುವುದಷ್ಟೇ ಸಿಗುತ್ತದೆ. ಊರಿನ ಹೆಸರುಗಳ ಕಾಟವೂ ಇದೆ. ಹಳೆಯ ಟಿಕೆಟಿನಲ್ಲಿ Mysore, ಹೊಸದರಲ್ಲಿ Mysuru. ಒಂದನ್ನೇ ಹಾಕಿದರೆ ಇನ್ನೊಂದು ತಪ್ಪಿಹೋಗಬಹುದು, ಆದ್ದರಿಂದ ಇಲ್ಲೂ ನಡುವೆ `OR` ಇರಲಿ.

ಬಾಡಿಗೆ ರಸೀದಿಯಂಥ ‘ಮೂಕ’ ಮೇಲ್ ಬಂದಾಗ ಹತ್ತು ಸೆಕೆಂಡ್ ಖರ್ಚು ಮಾಡಿ. ಅದನ್ನು ನಿಮಗೆ ನೀವೇ ಫಾರ್ವರ್ಡ್ ಮಾಡಿಕೊಳ್ಳಿ. ವಿಷಯದ ಸಾಲಿನಲ್ಲಿ ‘rent receipt ಬಾಡಿಗೆ ರಸೀದಿ 2024-25’ ಅಂತ, ಮುಂದೆ ನೀವು ಹುಡುಕುವಾಗ ಯಾವ ಪದ ಹಾಕಬಹುದೋ ಆ ಪದಗಳನ್ನೇ ಬರೆಯಿರಿ. ನಲವತ್ತರಲ್ಲಿ ಒಂದು ಮೇಲ್‌ಗೆ ಮಾತ್ರ ಈ ಉಪಚಾರ ಬೇಕಾಗುತ್ತದೆ. ಹಾಗೆ ಮಾಡದೇ ಹೋಗಿದ್ದರೆ, ಮಾಲೀಕರ ವಿಳಾಸವನ್ನು `from:` ಮುಂದೆ ಹಾಕಿ ಜೊತೆಗೆ `has:attachment` ಸೇರಿಸಿ. ಅವರಿಂದ ಬಂದ ಲಗತ್ತುಗಳೆಲ್ಲ ಸಾಲಾಗಿ ನಿಲ್ಲುತ್ತವೆ.

ಹುಡುಕಾಟ ನೆನಪಿಸುವುದಿಲ್ಲ

ಹುಡುಕುವವರ ಪಕ್ಷದ ನಿಜವಾದ ಕಷ್ಟ ಇದಕ್ಕಿಂತ ದೊಡ್ಡದು. ನಮ್ಮ ಟೀಮಿನ ಇನ್ನೊಬ್ಬರ ತಂದೆಗೆ ಆಪರೇಷನ್ ಆಯಿತು. ಆಸ್ಪತ್ರೆ ಬಿಲ್ ತಾವೇ ಕಟ್ಟಿ, ವಿಮೆಯವರಿಗೆ ಕ್ಲೇಮ್ ಹಾಕಿದರು. ಹದಿನೈದು ದಿನಕ್ಕೆ ವಿಮೆ ಕಂಪನಿಯಿಂದ ಮೇಲ್ ಬಂತು: ಡಿಸ್ಚಾರ್ಜ್ ಸಮರಿಯ ಮೂಲ ಪ್ರತಿ ಬೇಕು. ಆಮೇಲೆ ಒಂದು ಜ್ಞಾಪನೆ. ಆಮೇಲೆ ‘ದಾಖಲೆ ಬಾರದ ಕಾರಣ ಕ್ಲೇಮ್ ಮುಚ್ಚಲಾಗಿದೆ’ ಎಂಬ ಮೂರನೆಯದು. ಇವರು ಮೂರನ್ನೂ ನೋಡಲಿಲ್ಲ. ಬಟ್ಟೆ ಅಂಗಡಿಯ ರಿಯಾಯಿತಿ, ಫುಡ್ ಆ್ಯಪ್‌ನ ಕೂಪನ್, ಕೆಲಸದ ಆ್ಯಪ್‌ನ ಜಾಹೀರಾತುಗಳ ನಡುವೆ ಅವು ಕೆಳಗೆ ಇಳಿದುಹೋಗಿದ್ದವು.

ಎರಡು ತಿಂಗಳಾದ ಮೇಲೆ ‘ದುಡ್ಡು ಇನ್ನೂ ಬಂದಿಲ್ವಾ?’ ಅಂತ ತಂದೆ ಕೇಳಿದಾಗ ಕ್ಲೇಮ್ ನಂಬರ್ ಹಾಕಿ ಹುಡುಕಿದರು. ಒಂದೇ ಸೆಕೆಂಡಿಗೆ ಮೂರೂ ಮೇಲ್ ಕಣ್ಣಮುಂದೆ ಬಂದವು. ಹುಡುಕಾಟ ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿತ್ತು. ಆದರೆ ಹುಡುಕಬೇಕಾದದ್ದು ಒಂದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅರ್ಜಿ ಬರೆದು, ಶಾಖೆಗೆ ನಾಲ್ಕು ಸಲ ಓಡಾಡಿ ಕ್ಲೇಮನ್ನು ಮತ್ತೆ ತೆರೆಸಬೇಕಾಯಿತು. ಅಷ್ಟು ದಿನ ಬಿಲ್ ಕಟ್ಟಿದ ಕ್ರೆಡಿಟ್ ಕಾರ್ಡಿನ ಬಡ್ಡಿ ಬೆಳೆಯುತ್ತಲೇ ಇತ್ತು.

ಇಲ್ಲೇ ಇರುವುದು ವಿಷಯ. ನಾವು ಇನ್‌ಬಾಕ್ಸ್‌ನಿಂದ ಎರಡು ಬೇರೆ ಬೇರೆ ಕೆಲಸ ಮಾಡಿಸುತ್ತಿದ್ದೇವೆ. ಒಂದು, ಬೀರು: ಹಳೆಯದನ್ನು ಇಡುವ ಜಾಗ. ಇನ್ನೊಂದು, ಬಾಗಿಲ ಪಕ್ಕದ ಮೊಳೆ: ಮಾಡಬೇಕಾದದ್ದನ್ನು ಮರೆಯದ ಹಾಗೆ ಸಿಕ್ಕಿಸುವ ಜಾಗ. ಐಬಿಎಂನವರ 17 ಮತ್ತು 58 ಸೆಕೆಂಡ್ ಲೆಕ್ಕ ಬೀರುವಿನದ್ದು. ಅಲ್ಲಿ ಹುಡುಕಾಟವೇ ಮೇಲು. ಮರ್ಲಿನ್ ಮನ್ ಮಾತಾಡಿದ್ದು ಮೊಳೆಯ ಬಗ್ಗೆ. ಹತ್ತು ಸಾವಿರ ಮೇಲ್ ಇರುವ ಇನ್‌ಬಾಕ್ಸ್ ಒಳ್ಳೆಯ ಬೀರುವೇ ಸರಿ, ಆದರೆ ಮೊಳೆಯಾಗಿ ಪೂರ್ತಿ ಸೋತ ಹಾಗೆ.

ಎರಡನ್ನೂ ಹೊಂದಿಸುವುದು

ಹಾಗಾಗಿ ನಾನು ಪಾಲಿಸುವುದು ಬೀರುವಿಗೆ ಒಂದು ನಿಯಮ, ಮೊಳೆಗೆ ಇನ್ನೊಂದು. ಜಿಮೇಲ್ ಇರುವವರು ಇದನ್ನು ಒಂದು ಭಾನುವಾರ ಅರ್ಧ ಗಂಟೆಯಲ್ಲಿ ಶುರು ಮಾಡಬಹುದು. ಮೊದಲ ಹೆಜ್ಜೆಗೆ ಫೋನಿಗಿಂತ ಕಂಪ್ಯೂಟರ್ ಸುಲಭ.

ಹುಡುಕು ಪೆಟ್ಟಿಗೆಯಲ್ಲಿ ಹೀಗೆ ಬರೆಯಿರಿ:

```
in:inbox older_than:30d
```

ಇನ್‌ಬಾಕ್ಸಿನಲ್ಲಿರುವ, ಒಂದು ತಿಂಗಳಿಗಿಂತ ಹಳೆಯ ಮೇಲ್‌ಗಳ ಪಟ್ಟಿ ಬರುತ್ತದೆ. ಮೇಲಿನ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದ್ದಷ್ಟೇ ಆಯ್ಕೆಯಾಗುತ್ತದೆ. ಅದರ ಮೇಲೆ ಕಾಣುವ `Select all conversations that match this search` ಒತ್ತಿದರೆ ಪೂರ್ತಿ ಪಟ್ಟಿ ಆಯ್ಕೆಯಾಗುತ್ತದೆ. ಈಗ ಆರ್ಕೈವ್. ಒತ್ತುವ ಮುಂಚೆ ಅದು ಡಿಲೀಟ್ ಗುಂಡಿ ಅಲ್ಲ ತಾನೆ ಅಂತ ಇನ್ನೊಂದು ಸಲ ನೋಡಿಕೊಳ್ಳಿ. ಏನೂ ಕಳೆದುಹೋಗುವುದಿಲ್ಲ, ಎಲ್ಲ ಬೀರುವಿನೊಳಗೇ ಇರುತ್ತದೆ. ಉಳಿದ ಒಂದು ತಿಂಗಳಿನದನ್ನು ಮಾತ್ರ ಕಣ್ಣಾಡಿಸಿ ನೋಡಬೇಕು. ಕ್ಲೇಮ್‌ನಂಥದ್ದು ಬಾಕಿ ಇದ್ದರೆ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಎರಡನೆಯ ಹೆಜ್ಜೆ, ಜಾಹೀರಾತುಗಳು ಮೊಳೆಗೆ ಬಾರದ ಹಾಗೆ ಮಾಡುವುದು. ಆ ಅಂಗಡಿಯವರ ಮೇಲ್‌ಗೆ ಫಿಲ್ಟರ್ ಹಾಕಿ `Skip the Inbox (Archive it)` ಆಯ್ದುಕೊಳ್ಳಿ. ಕೂಪನ್ ಬೇಕಾದ ದಿನ ಹುಡುಕಿಕೊಂಡರಾಯಿತು. ಬ್ಯಾಂಕ್, ವಿಮೆ, ಆಸ್ಪತ್ರೆ, ಮಕ್ಕಳ ಶಾಲೆ ಇವಕ್ಕೆ ಮಾತ್ರ ಫಿಲ್ಟರ್ ಬೇಡ. ಅವರು ಜಾಹೀರಾತನ್ನೂ ಕಳಿಸುತ್ತಾರೆ ನಿಜ, ಆದರೆ ಮುಖ್ಯವಾದ ನೋಟಿಸೂ ಅದೇ ವಿಳಾಸದಿಂದ ಬರಬಹುದು.

ಆಮೇಲೆ ದಿನಕ್ಕೆ ಎರಡು ಸಲ ಇನ್‌ಬಾಕ್ಸ್ ತೆರೆದರೆ ಸಾಕು. ಪ್ರತಿ ಮೇಲ್‌ಗೂ ಒಂದೇ ಪ್ರಶ್ನೆ: ‘ಇದಕ್ಕೆ ನಾನೇನಾದ್ರೂ ಮಾಡ್ಬೇಕಾ?’ ಬೇಡವಾದರೆ ಆರ್ಕೈವ್. ಎರಡು ನಿಮಿಷದ್ದಾದರೆ ಈಗಲೇ ಮಾಡಿ ಆರ್ಕೈವ್. ಆಮೇಲೆ ಮಾಡುವಂಥದ್ದಾದರೆ ಸ್ನೂಜ್ ಒತ್ತಿ ದಿನಾಂಕ ಕೊಡಿ. ಆ ದಿನ ಅದು ತಾನಾಗಿಯೇ ಮತ್ತೆ ಮೇಲಕ್ಕೆ ಬರುತ್ತದೆ. ‘ಆಮೇಲೆ ನೋಡೋಣ’ ಅಂತ ಓದದೇ ಬಿಟ್ಟಿಟ್ಟ ಮೇಲ್‌ಗೂ ಸ್ನೂಜ್ ಮಾಡಿದ ಮೇಲ್‌ಗೂ ಇರುವ ವ್ಯತ್ಯಾಸ ಒಂದು ದಿನಾಂಕ ಮಾತ್ರ, ಆದರೆ ಕೆಲಸ ನಡೆಸುವುದು ಆ ದಿನಾಂಕವೇ. ನೀವು ಯಾರಿಂದಲೋ ಉತ್ತರಕ್ಕೆ ಕಾಯುತ್ತಿದ್ದರೂ ಅಷ್ಟೇ. ಕಳಿಸಿದ ಮೇಲ್ ಅನ್ನು ಹತ್ತು ದಿನಕ್ಕೆ ಸ್ನೂಜ್ ಮಾಡಿ. ಕ್ಲೇಮ್ ಹಾಕಿದ ದಿನವೇ ಇದನ್ನು ಮಾಡಿದ್ದರೆ, ಕ್ಲೇಮ್ ಎಲ್ಲಿಗೆ ಬಂತು ಅಂತ ತಂದೆ ಕೇಳುವ ಮುಂಚೆ ಮೇಲ್ ಕೇಳುತ್ತಿತ್ತು.

ಈ ಪದ್ಧತಿ ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯುವುದಕ್ಕೆ ಇನ್‌ಬಾಕ್ಸ್ ಸೊನ್ನೆ ಆಗಬೇಕಿಲ್ಲ. ಬೆರಳಿನಿಂದ ಸರಿಸದೆ ಫೋನಿನ ಒಂದೇ ಪರದೆಯಲ್ಲಿ ಎಲ್ಲ ಕಾಣುತ್ತಿದ್ದರೆ ಸಾಕು. ಒಂದೇ ಮೇಲ್ ಅನ್ನು ಮೂರನೆಯ ಸಲ ಸ್ನೂಜ್ ಮಾಡುತ್ತಿದ್ದೀರಿ ಅಂದರೆ ಎಚ್ಚರ. ಆ ಕೆಲಸ ಮೇಲ್‌ನಲ್ಲಿ ಮುಗಿಯುವಂಥದ್ದಲ್ಲ. ಫೋನ್ ಮಾಡಬೇಕು, ಇಲ್ಲವೇ ಎದ್ದು ಹೋಗಬೇಕು.

ಬೀರು ನಿಮ್ಮದೇನಾ?

ಕೊನೆಯದಾಗಿ ಎರಡು ಮಿತಿಗಳು. ಆರ್ಕೈವ್ ಜಾಗ ಉಳಿಸುವುದಿಲ್ಲ. ಗೂಗಲ್‌ನ ಉಚಿತ 15 ಜಿಬಿಯಲ್ಲಿ ನಿಮ್ಮ ಫೋಟೋ, ಡ್ರೈವ್ ಎಲ್ಲ ಪಾಲುದಾರರು. ಜಾಗ ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲಬಹುದು. ವರ್ಷಕ್ಕೊಮ್ಮೆ `larger:10M older_than:2y` ಅಂತ ಹುಡುಕಿ, ದೊಡ್ಡ ಲಗತ್ತುಗಳಲ್ಲಿ ಬೇಡವಾದವನ್ನು ಮಾತ್ರ ಅಳಿಸಿದರೆ ಸಾಕಷ್ಟು ಜಾಗ ಸಿಗುತ್ತದೆ.

ಇನ್ನೊಂದು, ಆಫೀಸಿನ ಮೇಲ್ ಖಾತೆ ನಿಮ್ಮದಲ್ಲ. ಕೊನೆಯ ಕೆಲಸದ ದಿನ ಸಂಜೆ ಲಾಗಿನ್ ಹೋದರೆ ಬೀರುವಿಗೇ ಬೀಗ ಬಿದ್ದ ಹಾಗೆ, ಎಂಥ ಹುಡುಕಾಟವೂ ಅಲ್ಲಿ ನಡೆಯುವುದಿಲ್ಲ. ಆಫರ್ ಲೆಟರ್, ಸಂಬಳದ ಚೀಟಿ, ಫಾರಂ 16 ಇವು ಬಂದ ದಿನವೇ ಇಳಿಸಿಕೊಂಡು, ಕಂಪನಿಯ ನಿಯಮ ನೋಡಿಕೊಂಡು, ಸ್ವಂತ ಖಾತೆಗೆ ಸೇರಿಸಿಬಿಡಿ. ವಿಷಯದ ಸಾಲಿನಲ್ಲಿ ಕಂಪನಿಯ ಹೆಸರು, ವರ್ಷ ಎರಡೂ ಇರಲಿ. ಆರು ವರ್ಷ ಬಿಟ್ಟು ಯಾರಾದರೂ ಕೇಳಿದಾಗ ನಿಮಗೆ ನೆನಪಿರುವುದು ಆ ಎರಡೇ.